ಕೇಳುಗರೇ ಹಾಡಿದ ಹಾಡುಗಳು: ಪಾಪ್-ಪಂಕ್ ಮತ್ತು ಇಮೋ

1980ರ ದಶಕದ ಆರಂಭದಲ್ಲಿ ಅಮೆರಿಕದ ಹಾರ್ಡ್‌ಕೋರ್ ಪಂಕ್ ಸಿಟ್ಟಿನ ಸಂಗೀತವಾಗಿತ್ತು. ಹಾಡು ಒಂದೆರಡು ನಿಮಿಷದ್ದು, ಡ್ರಮ್ಮಿನ ವೇಗ ಉಸಿರುಗಟ್ಟಿಸುವಂಥದ್ದು, ಬೈಗುಳವೆಲ್ಲ ಸರ್ಕಾರ, ಪೊಲೀಸರು ಮತ್ತು ಸಮಾಜದ ಮೇಲೆ. ಹಾಡುಗಾರ ತನ್ನ ನೋವು, ಪಶ್ಚಾತ್ತಾಪಗಳನ್ನು ಹೇಳಿಕೊಳ್ಳುವುದು ಅಪರೂಪ. ಈ ರೂಢಿಯನ್ನು ಮುರಿದವರಲ್ಲಿ ಮೊದಲಿಗರು ವಾಷಿಂಗ್ಟನ್ ನಗರದ ರೈಟ್ಸ್ ಆಫ್ ಸ್ಪ್ರಿಂಗ್ ತಂಡದವರು. 1985ರಲ್ಲಿ ಡಿಸ್ಕಾರ್ಡ್ ಕಂಪನಿಯಿಂದ ಬಂದ ಅವರ ಆಲ್ಬಂನಲ್ಲಿ ವೇಗ, ಅಬ್ಬರ ಹಾಗೇ ಉಳಿದವು. ಆದರೆ ಗಾಯಕ ಗೈ ಪಿಚೊಟ್ಟೊ ಹಾಡಿದ್ದು ಕಳೆದುಹೋದ ಸಂಬಂಧಗಳನ್ನು, ತನ್ನದೇ ಸೋಲುಗಳನ್ನು. ಗಂಟಲು ಬಿರಿಯುವಂತೆ ಕೂಗುತ್ತಿದ್ದವನು ಈಗ ಅಳುವನ್ನೂ ಅಡಗಿಸಿಡಲಿಲ್ಲ. ಇಂಥ ಸಂಗೀತಕ್ಕೆ ಅಂಟಿದ ‘ಇಮೋ’ ಎಂಬ ಹಣೆಪಟ್ಟಿಯನ್ನು ಆ ತಂಡಗಳು ಒಪ್ಪಿದ್ದೇ ಇಲ್ಲ.

ಆ ಊರಿನ ಕಛೇರಿಗಳಿಗೆ ಇನ್ನೊಂದು ವಿಶೇಷವಿತ್ತು. ರಾಕ್ ಸಂಗೀತ ಸಾಮಾನ್ಯವಾಗಿ ಬಾರುಗಳಲ್ಲಿ ನಡೆಯುತ್ತಿದ್ದುದರಿಂದ ಮದ್ಯ ಕುಡಿಯುವ ವಯಸ್ಸಾಗದವರಿಗೆ ಪ್ರವೇಶ ಸಿಗುತ್ತಿರಲಿಲ್ಲ. ವಾಷಿಂಗ್ಟನ್ನಿನ ಹುಡುಗರು ಒಂದು ಉಪಾಯ ಮಾಡಿದರು: ಚಿಕ್ಕವರ ಕೈ ಮೇಲೆ ಮಾರ್ಕರ್ ಪೆನ್ನಿನಿಂದ ದೊಡ್ಡ ಇಂಟು ಗುರುತು ಹಾಕಿ ಒಳಗೆ ಬಿಡಬೇಕು, ಅವರಿಗೆ ಮದ್ಯ ಕೊಡಬಾರದು. ಹೀಗೆ ಹೈಸ್ಕೂಲಿನ ಮಕ್ಕಳೂ ವೇದಿಕೆಯ ಮುಂದೆ ನಿಲ್ಲುವಂತಾಯಿತು. ಮುಂದೆ ಇಮೋ ಕಟ್ಟಿಕೊಂಡ ನಿಷ್ಠಾವಂತ ಬಳಗದ ಬೇರು ಇಲ್ಲಿದೆ: ಹಾಡುವವನಿಗೂ ಕೇಳುವವನಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ನಡುವೆ ಎತ್ತರದ ವೇದಿಕೆಯೂ ಇಲ್ಲ.

ಪಾಪ್-ಪಂಕ್ ಬೆಳೆದದ್ದು ದೇಶದ ಇನ್ನೊಂದು ತುದಿಯಲ್ಲಿ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 924 ಗಿಲ್ಮನ್ ಸ್ಟ್ರೀಟ್ ಎಂಬ ಸಭಾಂಗಣವನ್ನು ಸ್ವಯಂಸೇವಕರೇ ನಡೆಸುತ್ತಿದ್ದರು. ಅಲ್ಲಿ ಬೆಳೆದ ಗ್ರೀನ್ ಡೇ ತಂಡ ದೊಡ್ಡ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡಾಗ ಗಿಲ್ಮನ್‌ನ ಬಾಗಿಲು ಅದಕ್ಕೆ ಮುಚ್ಚಿತು. ದೊಡ್ಡ ಕಂಪನಿಯ ತಂಡಗಳಿಗೆ ಅಲ್ಲಿ ಅವಕಾಶವಿರಲಿಲ್ಲ. ನಿಷ್ಠೆಯ ಇನ್ನೊಂದು ಮುಖ ಇದು, ಸ್ವಲ್ಪ ಕಠೋರವಾದದ್ದೇ. ಆದರೆ 1994ರ ‘ಡೂಕಿ’ ಆಲ್ಬಂ ಲೋಕವೆಲ್ಲ ಸುತ್ತಿತು. ಅದರ ‘ಬಾಸ್ಕೆಟ್ ಕೇಸ್’ ಹಾಡಿನ ವಸ್ತು ಗಾಯಕ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಸ್ವತಃ ಅನುಭವಿಸಿದ ಆತಂಕದ ಕಾಯಿಲೆ. ಕುಣಿಸುವ ರಾಗದ ಮೇಲೆ ಇಂಥ ಮಾತು ಕೂರಬಲ್ಲದು ಎಂಬುದನ್ನು ಪಾಪ್-ಪಂಕ್ ತೋರಿಸಿಕೊಟ್ಟಿತು.

ಈ ಎರಡು ಹಾದಿಗಳು ಹತ್ತಿರ ಬಂದದ್ದು 2000ದ ಸುಮಾರಿಗೆ. ಫ್ಲೋರಿಡಾದ ಕ್ರಿಸ್ ಕರಾಬಾ ‘ಡ್ಯಾಶ್‌ಬೋರ್ಡ್ ಕನ್ಫೆಷನಲ್’ ಎಂಬ ಹೆಸರಿನಲ್ಲಿ ಒಂದು ಅಕೂಸ್ಟಿಕ್ ಗಿಟಾರ್ ಹಿಡಿದು ಒಬ್ಬನೇ ಹಾಡತೊಡಗಿದ. ಡ್ರಮ್, ಬಾಸ್ ಇಲ್ಲದ ಕಾರಣ ಪ್ರತಿ ಪದವೂ ಸ್ಪಷ್ಟವಾಗಿ ಕೇಳುತ್ತಿತ್ತು. ‘ಪ್ರೀತಿ’, ‘ವಿರಹ’ ಎಂಬ ದೊಡ್ಡ ಮಾತುಗಳಿಗಿಂತ ತಲೆಗೂದಲು, ಬಟ್ಟೆಯಂಥ ಸಣ್ಣ ವಿವರಗಳಿಗೇ ಅವನ ಒಲವು. ವಿವರ ಅಷ್ಟು ಖಾಸಗಿಯಾದರೆ ಬೇರೆಯವರಿಗೆ ತಟ್ಟುವುದಿಲ್ಲ ಅನಿಸಬಹುದು, ಆದದ್ದು ತದ್ವಿರುದ್ಧ. ‘ನಾನು’ ಎಂಬಲ್ಲಿ ಕೇಳುಗ ತನ್ನನ್ನೂ, ‘ನೀನು’ ಎಂಬಲ್ಲಿ ತನ್ನನ್ನು ಬಿಟ್ಟುಹೋದವರನ್ನೂ ಇಟ್ಟುಕೊಂಡ.

2002ರಲ್ಲಿ ಎಂಟಿವಿ ತನ್ನ ‘ಅನ್‌ಪ್ಲಗ್ಡ್’ ಕಾರ್ಯಕ್ರಮಕ್ಕೆ ಅವನನ್ನು ಕರೆಯಿತು. ಆ ಧ್ವನಿಮುದ್ರಣದಲ್ಲಿ ಪ್ರೇಕ್ಷಕರ ದನಿ ಹಿನ್ನೆಲೆಯ ಗದ್ದಲವಲ್ಲ, ಹಾಡಿನದೇ ಭಾಗ. ಪಲ್ಲವಿಯಷ್ಟೇ ಅಲ್ಲ, ಇಡೀ ಚರಣಗಳನ್ನೂ ಅವರು ಬಾಯಿಪಾಠ ಒಪ್ಪಿಸಿದಂತೆ ಹಾಡುತ್ತಾರೆ. ಕರಾಬಾ ಅಲ್ಲಲ್ಲಿ ಬಾಯಿ ಮುಚ್ಚಿ ಗಿಟಾರ್ ಮಾತ್ರ ನುಡಿಸುತ್ತಾನೆ. ತಪ್ಪೊಪ್ಪಿಗೆ ಒಬ್ಬನದಾಗಿ ಶುರುವಾಗಿ ನೂರಾರು ಕೊರಳುಗಳದಾಗುವುದನ್ನು ಇಷ್ಟು ಸ್ಪಷ್ಟವಾಗಿ ಕೇಳಿಸುವ ಮುದ್ರಣ ಬೇರೆ ಸಿಗುವುದು ಕಷ್ಟ.

ಇದರ ಮಿತಿಯೂ ಆಗಲೇ ಕಾಣಿಸಿತು. ನೋವು ಹೇಳಿಕೊಳ್ಳುವವರು ಬಹುತೇಕ ಗಂಡುಹುಡುಗರು. ಹಾಡಿನೊಳಗಿನ ಹುಡುಗಿ ದ್ರೋಹ ಬಗೆದವಳು, ಅವಳಿಗೆ ಹೆಸರೂ ಇಲ್ಲ, ಮಾತೂ ಇಲ್ಲ. ಪತ್ರಕರ್ತೆ ಜೆಸಿಕಾ ಹಾಪರ್ 2003ರಲ್ಲಿ ‘ಪಂಕ್ ಪ್ಲಾನೆಟ್’ ಪತ್ರಿಕೆಯ ಲೇಖನದಲ್ಲಿ ಇದನ್ನೇ ಖಾರವಾಗಿ ಪ್ರಶ್ನಿಸಿದರು. ವೇದಿಕೆಯ ಮುಂದಿನ ಸಾಲಿನಲ್ಲಿ ಹುಡುಗಿಯರು ತುಂಬಿದ್ದಾಗ ಈ ಪ್ರಶ್ನೆ ಸುಮ್ಮನೆ ತಳ್ಳಿಹಾಕುವಂಥದ್ದಾಗಿರಲಿಲ್ಲ. ಪ್ಯಾರಮೋರ್ ತಂಡದ ಹೇಲಿ ವಿಲಿಯಮ್ಸ್ ಅಂಥ ಹುಡುಗಿಯರಿಗೆ ದನಿಯಾದರು. ಆದರೂ ಹದಿಹರೆಯದಲ್ಲಿ ತಾವೇ ಬರೆದ, 2007ರಲ್ಲಿ ಹೆಸರು ಮಾಡಿದ ‘ಮಿಸರಿ ಬಿಸಿನೆಸ್’ ಹಾಡಿನಲ್ಲಿ ಇನ್ನೊಬ್ಬ ಹುಡುಗಿಯನ್ನು ಹಳಿದ ಸಾಲು ಅವರಿಗೆ ಮುಜುಗರ ತಂದಿತು. 2018ರಲ್ಲಿ ಅದನ್ನು ಇನ್ನು ಹಾಡುವುದಿಲ್ಲವೆಂದು ಪ್ರಕಟಿಸಿದರು. ಅಭಿಮಾನಿಗಳು ಅದನ್ನು ಬಿಟ್ಟುಕೊಡಲಿಲ್ಲ. 2022ರಲ್ಲಿ ತಂಡ ಆ ಹಾಡನ್ನು ಮತ್ತೆ ವೇದಿಕೆಗೆ ತಂದಿತು.