ಒಂದೇ ಸರ್ಕಾರ, ಎರಡು ಕಾಗದ

2022ರ ಮಳೆಗಾಲದಲ್ಲಿ ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಒಂದು ಮ್ಯೂಚುವಲ್ ಫಂಡ್ ಸ್ಟೇಟ್‌ಮೆಂಟ್ ಹಿಡಿದುಕೊಂಡು ಮನೆಗೆ ಬಂದರು. ಸರ್ಕಾರಿ ಬಾಂಡುಗಳಲ್ಲೇ ಹಣ ಹೂಡುವ ಗಿಲ್ಟ್ ಫಂಡ್ ಅದು. ವರ್ಷದ ಆರಂಭದಲ್ಲಿ ಹಾಕಿದ್ದ ಹಣ ಬೆಳೆಯುವುದಿರಲಿ, ಹಾಕಿದ್ದಕ್ಕಿಂತ ಕಡಿಮೆಯಾಗಿತ್ತು. ಆ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಎರಡು ಗೆರೆ ಎಳೆದಿದ್ದರು.

“ಷೇರು ಅಂದ್ರೆ ಏರುತ್ತೆ, ಇಳಿಯುತ್ತೆ, ಗೊತ್ತು ಕಣಯ್ಯಾ. ಇದು ಸರ್ಕಾರಕ್ಕೆ ಕೊಟ್ಟ ಸಾಲ. ಸರ್ಕಾರ ಬಡ್ಡಿ ತಪ್ಪಿಸಿಲ್ಲ, ದಿವಾಳಿ ಎದ್ದಿಲ್ಲ. ಬೇರೆ ಪೇಪರ್‌ನಲ್ಲಿ ನೋಡಿದ್ರೆ ಬಡ್ಡಿ ದರ ಏರಿದೆ ಅಂತಾರೆ. ಬಡ್ಡಿ ಏರಿದ್ರೆ ಸಾಲ ಕೊಟ್ಟೋನಿಗೆ ಲಾಭ ಆಗ್ಬೇಕಲ್ವೇ?” ಎಂದರು.

ಪ್ರಶ್ನೆ ನ್ಯಾಯವಾದದ್ದು. ಬಡ್ಡಿ ಏರಿದರೆ ಸಾಲ ಕೊಡುವವನಿಗೆ ಲಾಭವೇ. ಆದರೆ ಅದು ನಾಳೆ ಕೊಡುವವನಿಗೆ. ನಿನ್ನೆಯೇ ಕೊಟ್ಟು ಹತ್ತು ವರ್ಷಕ್ಕೆ ದರ ಬರೆಸಿಕೊಂಡವನ ಕೈಯಲ್ಲಿರುವುದು ಹಳೆಯ ದರದ ಕಾಗದ.

ಇದನ್ನು ಮೇಷ್ಟ್ರಿಗೆ ತೋರಿಸಲು ಕಟ್ಟುಕಥೆಯ ಉದಾಹರಣೆ ಬೇಕಾಗಲಿಲ್ಲ. ಅದೇ ವರ್ಷ ಭಾರತ ಸರ್ಕಾರ ಏಳು ತಿಂಗಳ ಅಂತರದಲ್ಲಿ ಎರಡು ಹತ್ತು ವರ್ಷದ ಬಾಂಡುಗಳನ್ನು ಹೊರಡಿಸಿತ್ತು. ಜನವರಿಯದ್ದು 6.54 ಪರ್ಸೆಂಟ್ ಬಡ್ಡಿಯದು, ಆಗಸ್ಟಿನದ್ದು 7.26 ಪರ್ಸೆಂಟಿನದು. ಎರಡಕ್ಕೂ ಸಾಲಗಾರ ಒಬ್ಬನೇ, ಎರಡೂ ತೀರುವುದು 2032ರಲ್ಲಿ, ಎರಡರಲ್ಲೂ ಬಡ್ಡಿ ಬರುವುದು ಆರು ತಿಂಗಳಿಗೊಮ್ಮೆ. ನಡುವಿನ ಏಳು ತಿಂಗಳಲ್ಲಿ ಬದಲಾದದ್ದು ಮಾರುಕಟ್ಟೆಯ ದರ ಮಾತ್ರ.

ಒಂದು ಲಕ್ಷ ಮುಖಬೆಲೆಯ ಲೆಕ್ಕದಲ್ಲಿ ಹೇಳುವುದಾದರೆ, ಜನವರಿಯ ಕಾಗದ ಆರು ತಿಂಗಳಿಗೆ 3,270 ರೂಪಾಯಿ ಕೊಡುತ್ತದೆ, ಆಗಸ್ಟಿನದ್ದು 3,630. ವ್ಯತ್ಯಾಸ 360 ರೂಪಾಯಿ. ಈಗ ನಿಮ್ಮ ಹತ್ತಿರ ಜನವರಿಯ ಕಾಗದ ಇದೆ, ಆಗಸ್ಟ್ ಕೊನೆಯಲ್ಲಿ ಅದನ್ನು ಮಾರಬೇಕು ಎಂದುಕೊಳ್ಳಿ. ಪಕ್ಕದಲ್ಲೇ ಹೊಸ ಕಾಗದ ಲಕ್ಷಕ್ಕೆ ಸಿಗುತ್ತಿರುವಾಗ ನಿಮ್ಮದಕ್ಕೂ ಲಕ್ಷವನ್ನೇ ಕೊಟ್ಟು ಕೊಳ್ಳುವವರು ಯಾರು? ಕಾಗದದ ಮೇಲಿನ ಬಡ್ಡಿಯನ್ನು ತಿದ್ದುವಂತಿಲ್ಲ. 2032ರ ಜನವರಿಯವರೆಗೂ ಅದು 6.54 ಆಗಿಯೇ ಇರುತ್ತದೆ. ತೀರುವ ದಿನ ಕೈಗೆ ಬರುವ ಲಕ್ಷವೂ ಬದಲಾಗದು. ಮಾರುವವನು ಕೊಳ್ಳುವವನು ಮಾತಾಡಿಕೊಂಡು ಬದಲಾಯಿಸಬಹುದಾದದ್ದು ಉಳಿದಿರುವುದು ಒಂದೇ, ಇವತ್ತಿನ ಬೆಲೆ. ಬಡ್ಡಿಯಲ್ಲಿ ಆಗುವ ಕೊರತೆಯನ್ನು ಬೆಲೆಯಲ್ಲಿ ತುಂಬಿಕೊಡಬೇಕು.

ಎಷ್ಟು ತುಂಬಿಕೊಡಬೇಕು? ಉಳಿದಿರುವ ಒಂಬತ್ತು ವರ್ಷ ಚಿಲ್ಲರೆಯ ಕೊರತೆಯನ್ನು ಸುಮ್ಮನೆ ಕೂಡಿದರೆ ಸುಮಾರು 6,800 ರೂಪಾಯಿ. ಮೇಷ್ಟ್ರು ತಕ್ಷಣ ಒಂದು ಲಕ್ಷದಿಂದ ಅಷ್ಟನ್ನು ಕಳೆದು 93,200 ಎಂದು ಬರೆದರು. ಅಷ್ಟೆಲ್ಲ ಕಳೆಯಬೇಕಾಗಿಲ್ಲ. ಕೊರತೆ ಒಂದೇ ದಿನ ಆಗುವುದಿಲ್ಲ, ಆರು ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪವೇ ಆಗುತ್ತದೆ. ಆದರೆ ಅದಕ್ಕೆ ಪರಿಹಾರವನ್ನು ಕೊಳ್ಳುವವನಿಗೆ ಇವತ್ತೇ ಕೊಡುತ್ತಿದ್ದೇವೆ. ಅವನು ಆ ಹಣವನ್ನೂ 7.26ರ ದರದಲ್ಲಿ ಬಡ್ಡಿಗೆ ಬಿಡಬಹುದು. ಆರು ತಿಂಗಳ ನಂತರದ 360 ರೂಪಾಯಿ ಕೊರತೆಗೆ ಇವತ್ತು 347 ರೂಪಾಯಿ ಕೊಟ್ಟರೆ ಸಾಕು, ಅದು ಬೆಳೆದು 360 ಆಗುತ್ತದೆ. ಒಂಬತ್ತು ವರ್ಷದ ನಂತರದ 360ಕ್ಕೆ ಇವತ್ತು ಸುಮಾರು 190 ಸಾಕು. ಹೀಗೆ ಪ್ರತಿಯೊಂದು ಕಂತಿನ ಕೊರತೆಗೂ ಇವತ್ತಿನ ಬೆಲೆ ಕಟ್ಟಿ ಕೂಡಿದರೆ ಬರುವುದು ಸುಮಾರು 4,850 ರೂಪಾಯಿ. ಅಂದರೆ ಜನವರಿಯಲ್ಲಿ ಲಕ್ಷಕ್ಕೆ ಕೊಂಡ ಕಾಗದಕ್ಕೆ ಆಗಸ್ಟ್ ಕೊನೆಯಲ್ಲಿ ನ್ಯಾಯವಾದ ಬೆಲೆ ಸುಮಾರು 95,150.

ಕೊಂಡವನ ಕಡೆಯಿಂದ ತಾಳೆ ನೋಡೋಣ. ಅವನು ಹಾಕಿದ್ದು 95,150. ವರ್ಷಕ್ಕೆ ಬರುವ ಬಡ್ಡಿ 6,540, ಅವನು ಹಾಕಿದ ಹಣದ ಮೇಲೆ ಅದು 6.87 ಪರ್ಸೆಂಟ್. ಇದರ ಮೇಲೆ 2032ರಲ್ಲಿ ಪೂರ್ತಿ ಲಕ್ಷ ಕೈಗೆ ಬಂದಾಗ 4,850 ಹೆಚ್ಚುವರಿ. ಎರಡನ್ನೂ ಸೇರಿಸಿದರೆ ಅವನಿಗೆ ಬೀಳುವ ದರ 7.26ಕ್ಕೇ ಬಂದು ನಿಲ್ಲುತ್ತದೆ. ಇದನ್ನೇ ಬಾಂಡ್ ಮಾರುಕಟ್ಟೆಯವರು ಇಳುವರಿ ಎನ್ನುವುದು. ಹೊಲದ ಕ್ರಯ ಕಡಿಮೆಯಾದರೆ, ಬೆಳೆ ಅಷ್ಟೇ ಬಂದರೂ, ಹಾಕಿದ ರೂಪಾಯಿಗೆ ಸಿಗುವ ಇಳುವರಿ ಹೆಚ್ಚಾದಂತೆ. ಬೆಲೆ ಇಳಿಯುವುದು ಮತ್ತು ಇಳುವರಿ ಏರುವುದು ಒಂದರ ಹಿಂದೆ ಒಂದು ನಡೆಯುವ ಎರಡು ಘಟನೆಗಳಲ್ಲ, ಒಂದೇ ಘಟನೆಯ ಎರಡು ಹೆಸರು. ಪತ್ರಿಕೆಯಲ್ಲಿ “ಸರ್ಕಾರಿ ಬಾಂಡ್ ಇಳುವರಿ ಏರಿಕೆ” ಎಂದು ಓದಿದಾಗ ಹಳೆಯ ಬಾಂಡುಗಳ ಬೆಲೆ ಇಳಿಯಿತು ಎಂದೇ ತಿಳಿಯಬೇಕು.

ಕೊರತೆ ಎಷ್ಟು ವರ್ಷ ನಡೆಯುತ್ತದೆ ಎಂಬುದರ ಮೇಲೆ ಪೆಟ್ಟಿನ ಗಾತ್ರ ನಿಂತಿದೆ. ಅದೇ ಹಳೆಯ ಕಾಗದ ತೀರಲು ಒಂದೇ ವರ್ಷ ಉಳಿದಿದ್ದರೆ ಎರಡೇ ಕಂತಿನ ಕೊರತೆ, ಬೆಲೆ ಇಳಿಯುತ್ತಿದ್ದುದು ಲಕ್ಷಕ್ಕೆ 680 ರೂಪಾಯಿಯಷ್ಟು. ಮೂವತ್ತು ವರ್ಷ ಉಳಿದಿದ್ದರೆ ಸುಮಾರು 8,700. ದರದ ಏರಿಕೆ ಮೂರರಲ್ಲೂ ಒಂದೇ. ಸಾಲಗಾರನ ಮೇಲಿನ ನಂಬಿಕೆಯೂ ಮೂರರಲ್ಲೂ ಒಂದೇ. “ಸರ್ಕಾರಿ ಬಾಂಡು ಸುರಕ್ಷಿತ” ಎಂಬ ಮಾತು ದುಡ್ಡು ಮುಳುಗುವ ಭಯಕ್ಕೆ ಸಂಬಂಧಿಸಿದ್ದು. ನಡುವೆ ಬೆಲೆ ಏರಿಳಿಯುವುದರಿಂದ ಅದು ಯಾರನ್ನೂ ಕಾಪಾಡುವುದಿಲ್ಲ. ಮಾರುವವರು ಈ ಎರಡನ್ನೂ ಬೇರೆ ಬೇರೆಯಾಗಿ ಹೇಳಿಕೊಟ್ಟಿದ್ದರೆ ಮೇಷ್ಟ್ರಂಥವರು ಅಷ್ಟು ಕಂಗಾಲಾಗುತ್ತಿರಲಿಲ್ಲ ಎಂಬುದು ನನ್ನ ಬೇಸರ.

“ಹಾಗಾದ್ರೆ ಬ್ಯಾಂಕಿನ ಎಫ್‌ಡಿಯೇ ಮೇಲು. ಅದರಲ್ಲಿ ಹೀಗಾಗಲ್ಲ” ಎಂದರು ಮೇಷ್ಟ್ರು.

ಎಫ್‌ಡಿಯಲ್ಲೂ ಹೀಗೇ ಆಗುತ್ತದೆ. ಆ ಜನವರಿಯಲ್ಲಿ ಕಡಿಮೆ ಬಡ್ಡಿಗೆ ಐದು ವರ್ಷದ ಠೇವಣಿ ಇಟ್ಟವರು, ದರ ಏರಿದ ಮೇಲೆ ಪಕ್ಕದ ಮನೆಯವರು ಇಟ್ಟ ಹೊಸ ಠೇವಣಿಗಿಂತ ಕಡಿಮೆ ಬಡ್ಡಿಯನ್ನೇ ವರ್ಷವರ್ಷವೂ ತೆಗೆದುಕೊಳ್ಳಬೇಕು. ಕೊರತೆ ಅದೇ ಬಗೆಯದು. ಆದರೆ ಠೇವಣಿ ರಸೀದಿಗೆ ಸಂತೆಯಿಲ್ಲ, ದಿನಾ ಸಂಜೆ ಅದರ ಬೆಲೆ ಕೂಗುವವರಿಲ್ಲ. ಗಿಲ್ಟ್ ಫಂಡು ತನ್ನಲ್ಲಿರುವ ಕಾಗದಗಳಿಗೆ ಪ್ರತಿದಿನ ಮಾರುಕಟ್ಟೆಯ ಬೆಲೆ ಕಟ್ಟಬೇಕು, ಹಾಗಾಗಿ ಅಲ್ಲಿ ನಷ್ಟ ಕಣ್ಣಿಗೆ ಕಾಣುತ್ತದೆ. ಒಂದು ನಿಜವಾದ ವ್ಯತ್ಯಾಸ ಮಾತ್ರ ಇದೆ. ಎಫ್‌ಡಿಯನ್ನು ಸಣ್ಣ ದಂಡ ತೆತ್ತು ಮುರಿದು, ಅಸಲನ್ನು ಹೊಸ ದರಕ್ಕೆ ಮತ್ತೆ ಇಡಬಹುದು. ಸರ್ಕಾರಿ ಬಾಂಡನ್ನು ಹಾಗೆ ಮುರಿಯಲಾಗದು, ಮಾರಬೇಕಷ್ಟೆ.

ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. ರಿಸರ್ವ್ ಬ್ಯಾಂಕ್ ರೆಪೊ ದರವನ್ನು 4ರಿಂದ 4.40ಕ್ಕೆ ಏರಿಸಿದ್ದು 2022ರ ಮೇ 4ರಂದು, ಮಾಮೂಲಿ ಸಭೆಯ ದಿನವಲ್ಲದ ದಿನ. ಆ ಒಂದೇ ದಿನ ಹತ್ತು ವರ್ಷದ ಬಾಂಡಿನ ಇಳುವರಿ ಕಾಲು ಪರ್ಸೆಂಟಿನಷ್ಟು ಜಿಗಿಯಿತು. ಆದರೆ ಅದಕ್ಕೂ ಮೊದಲೇ, ರೆಪೊ ಒಂದು ಪೈಸೆಯೂ ಏರದೆ ಇರುವಾಗಲೇ, ಜನವರಿಯ 6.54 ಆಗಲೇ 7ನ್ನು ದಾಟಿತ್ತು. ಬೆಲೆಯೇರಿಕೆಯನ್ನು ನೋಡುತ್ತಿದ್ದ ಮಾರುಕಟ್ಟೆ ಮುಂದೆ ದರ ಏರಲೇಬೇಕೆಂದು ಎಣಿಸಿ ಹಳೆಯ ಕಾಗದಗಳ ಬೆಲೆಯನ್ನು ಮೊದಲೇ ಇಳಿಸಿತ್ತು. ಎಲ್ಲರೂ ನಿರೀಕ್ಷಿಸಿದಷ್ಟೇ ದರ ಏರಿದರೆ ಆ ದಿನ ಬೆಲೆ ಅಲುಗಾಡದೆಯೂ ಇರಬಹುದು. ಪ್ರಕಟಣೆ ನೋಡಿದ ಮೇಲೆ ಮಾರುತ್ತೇನೆ ಎನ್ನುವವರು ಅನೇಕ ಸಲ ತಡಮಾಡಿರುತ್ತಾರೆ.

ಕೊನೆಯವರೆಗೂ ಇಟ್ಟುಕೊಂಡರೆ ನಷ್ಟವಿಲ್ಲವಲ್ಲ ಎಂಬ ಸಮಾಧಾನವೊಂದಿದೆ. 6.54ರ ಕಾಗದವನ್ನು 2032ರವರೆಗೆ ಇಟ್ಟುಕೊಂಡರೆ ಮಾತು ಕೊಟ್ಟಷ್ಟು ಬಡ್ಡಿ, ಮಾತು ಕೊಟ್ಟಷ್ಟು ಅಸಲು ಖಂಡಿತ ಬರುತ್ತದೆ. ದಿನ ಹತ್ತಿರ ಬಂದಂತೆ ಕೊರತೆಯ ಕಂತುಗಳು ಕಡಿಮೆಯಾಗಿ ಬೆಲೆಯೂ ತಾನಾಗಿ ಲಕ್ಷದ ಕಡೆಗೆ ಹತ್ತುತ್ತದೆ. ಆದರೆ ನಡುವೆ ಹಣದ ಅಗತ್ಯ ಬೀಳಬಾರದು. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಎಡವಿದ್ದು ಇಲ್ಲೇ. ಬಡ್ಡಿ ಸೊನ್ನೆಯ ಹತ್ತಿರವಿದ್ದಾಗ ಅದು ಗ್ರಾಹಕರ ಠೇವಣಿಯಿಂದ ದೀರ್ಘಾವಧಿಯ ಸಾಲಪತ್ರಗಳನ್ನು ರಾಶಿ ಕೊಂಡಿತ್ತು. ಸಾಲ ಮುಳುಗುವ ಭಯವಿಲ್ಲದ ಕಾಗದಗಳೇ ಹೆಚ್ಚು. ಅಲ್ಲಿನ ಫೆಡರಲ್ ರಿಸರ್ವ್ ಒಂದೇ ವರ್ಷದಲ್ಲಿ ದರವನ್ನು ನಾಲ್ಕೂವರೆ ಪರ್ಸೆಂಟಿನ ಮೇಲಕ್ಕೆ ಒಯ್ದಾಗ ಅವುಗಳ ಬೆಲೆ ಕುಸಿಯಿತು. ಠೇವಣಿದಾರರು ಹಣ ತೆಗೆಯುತ್ತಿದ್ದರು, ಕಾಯಲು ವ್ಯವಧಾನವಿರಲಿಲ್ಲ. 2023ರ ಮಾರ್ಚ್ 8ರಂದು ಬ್ಯಾಂಕು ಸುಮಾರು 2,100 ಕೋಟಿ ಡಾಲರ್‌ನ ಸಾಲಪತ್ರಗಳನ್ನು ಮಾರಿ 180 ಕೋಟಿ ಡಾಲರ್ ನಷ್ಟವಾಯಿತೆಂದು ಹೇಳಿತು. ಮರುದಿನ ಜನ 4,200 ಕೋಟಿ ಡಾಲರ್ ಹಿಂತೆಗೆಯಲು ಮುಗಿಬಿದ್ದರು. 10ರಂದು ಬಾಗಿಲು ಮುಚ್ಚಿತು.

ಮೇಷ್ಟ್ರ ಫಂಡಿಗೆ ಅಂಥ ಅಪಾಯವಿರಲಿಲ್ಲ. ಆದರೆ ಫಂಡಿಗೆ ತೀರುವ ದಿನವೆಂಬುದೂ ಇಲ್ಲ, ಅದು ಹಳೆಯದನ್ನು ಮಾರಿ ಹೊಸದನ್ನು ಕೊಳ್ಳುತ್ತಲೇ ಇರುತ್ತದೆ. ಅಲ್ಲಿ ನೋಡಬೇಕಾದ ಅಂಕಿ ಒಂದಿದೆ. ಪ್ರತಿ ಫಂಡಿನ ತಿಂಗಳ ಮಾಹಿತಿಪತ್ರದಲ್ಲಿ “ಮಾಡಿಫೈಡ್ ಡ್ಯುರೇಷನ್” ಎಂದು ಅಚ್ಚಾಗಿರುತ್ತದೆ. ಅದು 7 ಇದ್ದರೆ, ಮಾರುಕಟ್ಟೆಯ ದರ ಒಂದು ಪರ್ಸೆಂಟ್ ಏರಿದಾಗ ಫಂಡಿನ ಬೆಲೆ ಹೆಚ್ಚುಕಡಿಮೆ 7 ಪರ್ಸೆಂಟ್ ಇಳಿಯುತ್ತದೆ, ಇಳಿದಾಗ ಅಷ್ಟೇ ಏರುತ್ತದೆ ಎಂದರ್ಥ. 1 ಇದ್ದರೆ ಪೆಟ್ಟೂ ಒಂದರಷ್ಟೇ. ಪೆಟ್ಟು ಬಿದ್ದ ಮೇಲೂ ಬರುವ ಬಡ್ಡಿ, ತೀರಿದ ಕಾಗದಗಳ ಹಣ ಹೊಸ ಹೆಚ್ಚಿನ ದರಕ್ಕೆ ಹೋಗಿ ಸೇರುವುದರಿಂದ, ಕಾಯಬಲ್ಲವನಿಗೆ ನಷ್ಟ ನಿಧಾನವಾಗಿ ತುಂಬಿಕೊಳ್ಳುತ್ತದೆ.

ಮಾಹಿತಿಪತ್ರವನ್ನು ಮೊಬೈಲಿನಲ್ಲಿ ತೆರೆದೆವು. ಅಂಕಿ 6ನ್ನು ದಾಟಿತ್ತು. ಮೇಷ್ಟ್ರು ಅದನ್ನು ಸ್ಟೇಟ್‌ಮೆಂಟಿನ ಅಂಚಿನಲ್ಲಿ ಬರೆದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆ ಹಣದಲ್ಲಿ ಅರ್ಧ ಮುಂದಿನ ವರ್ಷ ಮನೆಯ ಸೂರು ರಿಪೇರಿಗೆ ಬೇಕಿತ್ತು, ಉಳಿದರ್ಧ ಮೊಮ್ಮಗಳ ಓದಿಗೆ, ಅವಳಿನ್ನೂ ಐದನೇ ಕ್ಲಾಸು. ಸೂರಿನ ಹಣವನ್ನು ಮರುವಾರವೇ ತೆಗೆದು ಒಂದು ವರ್ಷದ ಠೇವಣಿಗೆ ಹಾಕಿದರು. ಮೊಮ್ಮಗಳದ್ದನ್ನು ಮುಟ್ಟಲಿಲ್ಲ. 2025ರ ಜೂನ್‌ನಲ್ಲಿ ರೆಪೊ ದರ 5.50ಕ್ಕೆ ಇಳಿದಾಗ ಅದೇ 6.54ರ ಕಾಗದ ಮುಖಬೆಲೆಯನ್ನು ದಾಟಿ ಮಾರಾಟವಾಗುತ್ತಿತ್ತು.