ಆರಂಭದ ಸ್ಕ್ಯಾನ್‌ನಲ್ಲಿ ‘ಸಬ್‌ಕೊರಿಯಾನಿಕ್ ಹೆಮಟೋಮಾ’ ಅಂತ ಬಂದರೆ ಗರ್ಭ ನಿಲ್ಲುವುದಿಲ್ಲವೇ?

ಏಳೆಂಟು ವಾರದ ಸ್ಕ್ಯಾನ್ ರಿಪೋರ್ಟ್‌ನ ಫೋಟೋ ಫ್ಯಾಮಿಲಿ ಗ್ರೂಪ್‌ಗೆ ಬಂದ ಕೂಡಲೇ ಉತ್ತರಗಳೂ ಬರುತ್ತವೆ. ‘ಮಗುವಿನ ರಕ್ತ ಸೋರುತ್ತಿದೆ’, ‘ಮೆಟ್ಟಿಲು ಹತ್ತಿದ್ದಕ್ಕೇ ಹೀಗಾಯ್ತು’, ‘ಮೂರು ತಿಂಗಳು ಮಂಚ ಬಿಟ್ಟು ಇಳಿಯಬೇಡ’. ಈ ಮೂರರಲ್ಲಿ ಒಂದೂ ಸರಿಯಲ್ಲ.

ಮೊದಲು ಆ ರಕ್ತ ಯಾರದ್ದು ಅನ್ನುವುದನ್ನು ನೋಡೋಣ. ಭ್ರೂಣದ ಚೀಲದ ಹೊರಪದರಕ್ಕೆ ಕೋರಿಯಾನ್ ಅನ್ನುತ್ತಾರೆ. ಅದು ಸಣ್ಣ ಬೇರುಗಳಂಥ ಎಳೆಗಳನ್ನು ಗರ್ಭಕೋಶದ ಒಳಗೋಡೆಗೆ ಇಳಿಸುತ್ತದೆ. ಮುಂದೆ ಮಾಸು ಬೆಳೆಯುವುದು ಅಲ್ಲಿಂದಲೇ. ಹೀಗೆ ಬೇರೂರುವಾಗ ಅಂಚಿನ ಒಂದು ಕಡೆ ಪದರ ಸ್ವಲ್ಪ ಬಿಟ್ಟುಕೊಂಡರೆ, ಅಲ್ಲಿನ ತಾಯಿಯ ಸಣ್ಣ ರಕ್ತನಾಳಗಳು ಹರಿದು, ಗೋಡೆಗೂ ಪದರಕ್ಕೂ ನಡುವೆ ರಕ್ತ ನಿಲ್ಲುತ್ತದೆ. ಅಂದರೆ ಅದು ತಾಯಿಯ ರಕ್ತ, ಮತ್ತು ಚೀಲದ ಹೊರಗೆ ಇರುತ್ತದೆ. ಯಾಕೆ ಒಬ್ಬರಿಗೆ ಹೀಗಾಗಿ ಇನ್ನೊಬ್ಬರಿಗೆ ಆಗುವುದಿಲ್ಲ ಎಂದರೆ, ಹೆಚ್ಚಿನವರಲ್ಲಿ ಹೇಳಬಹುದಾದ ಕಾರಣವೇ ಸಿಗುವುದಿಲ್ಲ. ಮೆಟ್ಟಿಲನ್ನೋ ಪಪ್ಪಾಯವನ್ನೋ ದೂರುವುದರಲ್ಲಿ ಅರ್ಥವಿಲ್ಲ.

ನಿಂತ ರಕ್ತ ಗರ್ಭಕೋಶದ ಬಾಯಿಯ ಹತ್ತಿರ ಇದ್ದರೆ ಕೆಳಗೆ ಇಳಿದು ಬ್ಲೀಡಿಂಗ್ ಆಗಿ ಕಾಣುತ್ತದೆ. ಮೇಲ್ಭಾಗದಲ್ಲಿದ್ದರೆ ಹೊರಗೆ ಬರದೆ ದೇಹವೇ ನಿಧಾನವಾಗಿ ಹೀರಿಕೊಳ್ಳಬಹುದು. ಹಾಗಾಗಿಯೇ ಕೆಲವರಿಗೆ ಒಂದು ಹನಿಯೂ ಕಾಣದೆ ಸ್ಕ್ಯಾನ್‌ನಲ್ಲಷ್ಟೇ ಗೊತ್ತಾಗುತ್ತದೆ. ಕಂದು ಬಣ್ಣದ ಸ್ರಾವ ಎಂದರೆ ಸಾಮಾನ್ಯವಾಗಿ ಮೊದಲೇ ನಿಂತಿದ್ದ ಹಳೆಯ ರಕ್ತ. ಕೆಂಪಾಗಿ ಹರಿದರೆ ಅದು ಹೊಸದು.

ಇನ್ನು ರಿಪೋರ್ಟ್‌ನ ಅಂಕಿಗಳು. ಒಂದು ಉದಾಹರಣೆ ತೆಗೆದುಕೊಳ್ಳೋಣ. 7 ವಾರ 3 ದಿನದ ಗರ್ಭ. ಮಗುವಿನ ಹೃದಯ ಬಡಿತ ನಿಮಿಷಕ್ಕೆ 146. ಹೆಮಟೋಮಾ 18 × 12 × 8 ಮಿ.ಮೀ. ‘ಹದಿನೆಂಟು’ ಎಂದು ಓದಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಮೂರೂ ಅಳತೆಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಬಂದದ್ದನ್ನು 0.52ರಿಂದ ಗುಣಿಸಿದರೆ ಸಿಗುವುದು ಸುಮಾರು 0.9 ಮಿ.ಲೀ.; ಟೀ ಚಮಚದ ಐದನೇ ಒಂದು ಭಾಗಕ್ಕೂ ಕಡಿಮೆ. ಆ ಹೊತ್ತಿಗೆ ಗರ್ಭಚೀಲ ಸುಮಾರು 22 ಮಿ.ಮೀ. ಅಗಲ ಇದ್ದರೆ ಅದರ ಗಾತ್ರ ಸುಮಾರು 5.5 ಮಿ.ಲೀ. ಹಾಗಾದರೆ ಹೆಮಟೋಮಾ ಚೀಲದ ಶೇ. 16ರಷ್ಟು. ಶೇ. 20ಕ್ಕಿಂತ ಕಡಿಮೆ ಇದ್ದರೆ ಚಿಕ್ಕದು, ಶೇ. 50 ದಾಟಿದರೆ ದೊಡ್ಡದು ಎಂದು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಚಿಕ್ಕದಿದ್ದು ಹೃದಯ ಬಡಿತ ಚೆನ್ನಾಗಿದ್ದರೆ ಬಹುಪಾಲು ಗರ್ಭಗಳು ಮುಂದುವರಿಯುತ್ತವೆ. ದೊಡ್ಡದಿದ್ದರೆ, ಅಥವಾ 7 ವಾರಕ್ಕೂ ಮೊದಲೇ ಕಂಡಿದ್ದರೆ ಗರ್ಭಪಾತದ ಅಪಾಯ ಹೆಚ್ಚು. ಇದನ್ನು ಮುಚ್ಚಿಟ್ಟು ಬರೀ ಸಮಾಧಾನ ಹೇಳುವುದೂ ತಪ್ಪೇ.

ಒಂದೆರಡು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡುತ್ತಾರೆ. ನಮ್ಮ ಉದಾಹರಣೆಯ ಮಹಿಳೆಗೆ ಎಂಟನೇ ವಾರದಲ್ಲಿ ಮೂರು ದಿನ ಕಂದು ಸ್ರಾವವಾಯಿತು ಅಂದುಕೊಳ್ಳಿ. 9 ವಾರ 3 ದಿನಕ್ಕೆ ನೋಡಿದರೆ ಹೆಮಟೋಮಾ 14 × 9 × 6 ಮಿ.ಮೀ., ಅಂದರೆ 0.4 ಮಿ.ಲೀ. ಈ ನಡುವೆ ಗರ್ಭಚೀಲ ಹಲವು ಪಟ್ಟು ಬೆಳೆದಿದೆ, ಮಗುವೂ ವಾರಕ್ಕೆ ತಕ್ಕಷ್ಟು ಬೆಳೆದಿದೆ. ವೈದ್ಯರು ನೋಡುವುದು ಮುಖ್ಯವಾಗಿ ಇದನ್ನೇ. 12ನೇ ವಾರದ ಸ್ಕ್ಯಾನ್‌ಗೆ ಅದು ಮಾಯವಾಗಿರಬಹುದು. ಕೆಲವರಲ್ಲಿ ಇನ್ನೂ ಕೆಲವು ವಾರ ಉಳಿಯುತ್ತದೆ. ಎರಡು ಸಲವೂ ಒಂದೇ ಕಡೆ ಸ್ಕ್ಯಾನ್ ಮಾಡಿಸಿದರೆ ಹೋಲಿಸುವುದು ಸುಲಭ. ಒಬ್ಬರು ಉದ್ದವನ್ನಷ್ಟೇ ಬರೆದು, ಇನ್ನೊಬ್ಬರು ಮೂರೂ ಅಳತೆ ಬರೆದರೆ ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯುವುದಿಲ್ಲ.

ಬೆಡ್ ರೆಸ್ಟ್ ಮಾಡಿದರೆ ಗರ್ಭಪಾತ ತಪ್ಪುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ವಾರಗಟ್ಟಲೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಭಾರ ಎತ್ತಬೇಡಿ, ಬ್ಲೀಡಿಂಗ್ ನಿಲ್ಲುವವರೆಗೆ ಲೈಂಗಿಕ ಸಂಪರ್ಕ ಬೇಡ ಎಂದು ವೈದ್ಯರು ಹೇಳಬಹುದು. ಅದು ಮುನ್ನೆಚ್ಚರಿಕೆ ಅಷ್ಟೆ. ಪ್ರೊಜೆಸ್ಟರಾನ್ ಮಾತ್ರೆಯೂ ಎಲ್ಲರಿಗೂ ಬೇಕಿಲ್ಲ. ಈ ಹಿಂದೆ ಗರ್ಭಪಾತವಾಗಿ, ಈಗ ಬ್ಲೀಡಿಂಗ್ ಆಗುತ್ತಿರುವವರಿಗೆ ಪ್ರಯೋಜನವಾಗಬಹುದು ಎಂದು ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ಸೂಚಿಸಿದೆ. ರಕ್ತ ತೆಳುವಾಗಿಸುವ ಆಸ್ಪಿರಿನ್ ಅಥವಾ ಹೆಪಾರಿನ್ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನೂ ಹೇಳಿ. ಆಂಟಿ-ಡಿ ಚುಚ್ಚುಮದ್ದು ಬೇಕೇ ಎಂದು ಅವರು ನಿರ್ಧರಿಸುತ್ತಾರೆ.

ಗಂಟೆಗೆ ಎರಡು ಪ್ಯಾಡ್ ತೋಯುವಷ್ಟು ಬ್ಲೀಡಿಂಗ್ ಎರಡು ಗಂಟೆ ಮುಂದುವರಿದರೆ, ತಲೆ ಸುತ್ತಿ ಬೀಳುವಂತಾದರೆ, ಜ್ವರ ಬಂದರೆ ಅಥವಾ ಹೊಟ್ಟೆಯಲ್ಲಿ ತಡೆಯಲಾಗದ ನೋವು ಶುರುವಾದರೆ ಮುಂದಿನ ಸ್ಕ್ಯಾನ್ ದಿನಾಂಕಕ್ಕೆ ಕಾಯದೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ. ಹಳೆಯ ರಿಪೋರ್ಟ್ ಜೊತೆಗಿರಲಿ.