ಇ-ಮೇಲ್‌ನಲ್ಲಿ ಆಶ್ಚರ್ಯಸೂಚಕವೂ ನಗುಮುಖವೂ: ಹಿರಿಯರಿಗೆ, ಅಪರಿಚಿತರಿಗೆ ಬರೆಯುವಾಗ

ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಅಂಗಡಿಯ ಮುಂದೆ ನಿಂತು ‘ರೊಕ್ಕ ಯಾವಾಗ ಕೊಡ್ತೀರ್ರಿ’ ಎಂದು ಕೇಳುವ ವರ್ತಕನ ಮಾತಿನಲ್ಲಿ ಕೊನೆಯ ‘ರಿ’ ಎಂಬ ಒಂದೇ ಅಕ್ಷರವು ಬಹಳ ಕೆಲಸ ಮಾಡುತ್ತದೆ. ಪ್ರಶ್ನೆ ನೇರವಾದದ್ದು, ಆದರೆ ಗೌರವ ಎಲ್ಲಿಯೂ ಕುಂದುವುದಿಲ್ಲ. ಅದೇ ವರ್ತಕನು ಸಂಜೆ ಮುಂಬಯಿಯ ಕಂಪನಿಗೆ ಇಂಗ್ಲಿಷಿನಲ್ಲಿ ಇ-ಮೇಲ್ ಬರೆಯಲು ಕುಳಿತಾಗ ಆ ‘ರಿ’ ಕೈಗೆ ಸಿಗುವುದಿಲ್ಲ. ‘ಹಣ ಕಳಿಸು’ ಎಂಬುದಕ್ಕೂ ‘ಹಣ ಕಳಿಸಿರಿ’ ಎಂಬುದಕ್ಕೂ ಇಂಗ್ಲಿಷಿನ ಕ್ರಿಯಾಪದ ಒಂದೇ. ಎದುರಿಗೆ ಮುಖವೂ ಇಲ್ಲ, ಧ್ವನಿಯೂ ಇಲ್ಲ. ಬರೆದದ್ದು ಒರಟಾಯಿತೇನೋ ಎಂಬ ಅಳುಕಿನಿಂದ ಅವನು ಒಂದು ನಗುಮುಖವನ್ನು ಸೇರಿಸುತ್ತಾನೆ. ಸಪ್ಪೆಯಾಯಿತೇನೋ ಎಂಬ ಶಂಕೆಯಿಂದ ಎರಡು ಮೂರು ಆಶ್ಚರ್ಯಸೂಚಕ ಚಿಹ್ನೆಗಳನ್ನು ಹಾಕುತ್ತಾನೆ. ಕಳೆದುಹೋದ ‘ರಿ’ಗೆ ಇವು ಬದಲಿ ಎಂದು ಅವನ ಎಣಿಕೆ. ಆದರೆ ಓದುವವನು ಹಿರಿಯ ಅಧಿಕಾರಿಯೋ ಮುಖ ಕಾಣದ ಅಪರಿಚಿತನೋ ಆಗಿದ್ದಾಗ, ಈ ಚಿಹ್ನೆಗಳು ಅವನಿಗೆ ಬೇರೆಯೇ ಮಾತನ್ನು ಹೇಳುತ್ತವೆ.

ಹಿಂದಿನವರ ವ್ಯಾಪಾರೀ ಪತ್ರಗಳಲ್ಲಿ ಈ ತೊಡಕು ಇರಲಿಲ್ಲ. ‘ಶ್ರೀ’ ಎಂದು ಮೇಲೆ ಬರೆದು, ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಆರಂಭಿಸಿದರೆ ಮರ್ಯಾದೆಯ ಭಾಗ ಮುಗಿಯುತ್ತಿತ್ತು; ಮುಂದೆ ಬಾಕಿಯ ಮಾತನ್ನು ಎಷ್ಟು ಬಿಗಿಯಾಗಿ ಬರೆದರೂ ನಡೆಯುತ್ತಿತ್ತು. ಇ-ಮೇಲ್ ಬಂದ ಮೇಲೆ ಆ ಪೀಠಿಕೆ ಹೋಯಿತು. ಅದರ ಜಾಗಕ್ಕೆ ಬಂದ ಚಿಹ್ನೆಗಳು ಮೂಲತಃ ಮರ್ಯಾದೆಗಾಗಿ ಹುಟ್ಟಿದವಲ್ಲ. 1982ರ ಸೆಪ್ಟೆಂಬರ್ 19ರಂದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಗಣಕ ವಿಜ್ಞಾನಿ ಸ್ಕಾಟ್ ಫಾಲ್ಮನ್ ಅವರು :-) ಎಂಬ ಗುರುತನ್ನು ಸೂಚಿಸಿದ್ದು, ‘ಇದು ತಮಾಷೆ, ನಿಜವೆಂದು ತಿಳಿಯಬೇಡಿ’ ಎಂದು ಸಹೋದ್ಯೋಗಿಗಳಿಗೆ ತಿಳಿಸುವುದಕ್ಕಾಗಿ. ಈ ಹುಟ್ಟನ್ನು ನೆನಪಿಟ್ಟರೆ, ದರಪಟ್ಟಿಯ ಕೆಳಗೆ ನಗುಮುಖ ಏಕೆ ಸಲ್ಲದೆಂಬುದು ತಾನಾಗಿಯೇ ತಿಳಿಯುತ್ತದೆ.

ಮಾನ್ವಿಯ ಅಕ್ಕಿ ಗಿರಣಿಯೊಂದು ಪುಣೆಯ ಸಗಟು ಖರೀದಿದಾರರಿಗೆ ಮೊದಲ ಬಾರಿಗೆ ಬರೆಯುತ್ತಿದೆ ಎಂದು ಭಾವಿಸೋಣ. ಪರಿಚಯವಿಲ್ಲ, ದಲಾಲರ ಮಧ್ಯಸ್ಥಿಕೆಯೂ ಇಲ್ಲ. ಪತ್ರ ಹೀಗಿದೆ (ಇಂಗ್ಲಿಷಿನಲ್ಲಿ ಬರೆದದ್ದನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ):

‘ವಿಷಯ: ಅತ್ಯುತ್ತಮ ಸೋನಾ ಮಸೂರಿ!!! ಬೇಗ ಉತ್ತರಿಸಿ! ನಮಸ್ಕಾರ ಸರ್! ನಮ್ಮಲ್ಲಿ ಬಹಳ ಒಳ್ಳೆಯ ಅಕ್ಕಿ ಇದೆ!! ದರವೂ ಅತಿ ಕಡಿಮೆ 🙂 ಇಂದೇ ಆರ್ಡರ್ ಕೊಡಿ!’

ಇದರಲ್ಲಿ ಚಿಹ್ನೆಗಳು ಎಲ್ಲೆಲ್ಲಿ ಬಂದಿವೆ ಎಂಬುದನ್ನು ವಾಚಕರು ಗಮನಿಸಬೇಕು. ‘ಬಹಳ ಒಳ್ಳೆಯ’ ಎಂದಲ್ಲಿ ಎರಡು ಆಶ್ಚರ್ಯಸೂಚಕಗಳಿವೆ. ಅಲ್ಲಿ ನುಚ್ಚಿನ ಪ್ರಮಾಣ ಇರಬೇಕಾಗಿತ್ತು. ‘ಅತಿ ಕಡಿಮೆ’ ಎಂದಲ್ಲಿ ನಗುಮುಖವಿದೆ. ಅಲ್ಲಿ ಕ್ವಿಂಟಲಿನ ದರ ಇರಬೇಕಾಗಿತ್ತು. ‘ಇಂದೇ’ ಎಂಬುದರ ಅವಸರ ಮಾರುವವನದೇ ಹೊರತು ಕೊಳ್ಳುವವನದಲ್ಲ. ಅಂಕಿ ಇರಬೇಕಾದ ಕಡೆಯಲ್ಲೆಲ್ಲ ಚಿಹ್ನೆ ಬಂದು ಕುಳಿತಿದೆ. ಅನುಭವಿ ಖರೀದಿದಾರನು ಮೊದಲು ಕಾಣುವುದು ಈ ಖಾಲಿ ಜಾಗವನ್ನೇ. ಅದೇ ಪತ್ರವನ್ನು ಹೀಗೆ ಬರೆಯಬಹುದು:

‘ವಿಷಯ: ಸೋನಾ ಮಸೂರಿ ಅಕ್ಕಿ, 20 ಟನ್, 26 ಕೆ.ಜಿ. ಚೀಲಗಳಲ್ಲಿ. ಮಾನ್ಯರೇ, ನಾವು ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದೇವೆ. ಆರು ತಿಂಗಳು ಹಳೆಯ ಭತ್ತದಿಂದ ತಯಾರಿಸಿದ 20 ಟನ್ ಅಕ್ಕಿ ಸಿದ್ಧವಿದೆ. ನುಚ್ಚು ಶೇ. 5ಕ್ಕಿಂತ ಕಡಿಮೆ, ತೇವಾಂಶ ಶೇ. 13ರೊಳಗೆ ಇದೆ. ಲಗತ್ತಿಸಿದ ದರಗಳು ಈ ತಿಂಗಳ 25ರವರೆಗೆ ಅನ್ವಯಿಸುತ್ತವೆ. ತಾವು ಒಪ್ಪಿದಲ್ಲಿ ಮಾದರಿಯನ್ನು ಕಳಿಸಿಕೊಡುತ್ತೇವೆ.’

ಇದರಲ್ಲಿ ಒಂದೂ ಚಿಹ್ನೆಯಿಲ್ಲ. ಆದರೂ ಪತ್ರ ಒಣಗಿಲ್ಲ. ‘ತಾವು ಒಪ್ಪಿದಲ್ಲಿ’ ಎಂಬ ಮಾತು ನಮ್ಮ ‘ರಿ’ ಮಾಡುವ ಕೆಲಸವನ್ನೇ ಮಾಡುತ್ತದೆ. ಅವಸರವನ್ನು 25ನೆಯ ತಾರೀಖು ಹೇಳುತ್ತದೆ.

ನಗುಮುಖದಿಂದ ಆತ್ಮೀಯತೆಯಾದರೂ ಬರುವುದಿಲ್ಲವೇ ಎಂದು ಕೇಳಬಹುದು. ಇಸ್ರೇಲ್ ಮತ್ತು ನೆದರ್ಲೆಂಡ್ಸಿನ ಸಂಶೋಧಕರು ಇದನ್ನೇ ಪರೀಕ್ಷಿಸಿ ಪ್ರಕಟಿಸಿದ್ದಾರೆ. ಅಪರಿಚಿತರಿಂದ ಬಂದ ಕಚೇರಿ ಇ-ಮೇಲ್‌ನಲ್ಲಿ ನಗುಮುಖವಿದ್ದರೆ ಬರೆದವನು ಹೆಚ್ಚು ಸ್ನೇಹಪರನೆಂದು ಓದುಗರಿಗೆ ಅನಿಸಲಿಲ್ಲ, ಬದಲಾಗಿ ಅವನ ಸಾಮರ್ಥ್ಯದ ಬಗ್ಗೆ ಅಭಿಪ್ರಾಯ ಇಳಿಯಿತು. ಅಷ್ಟೇ ಅಲ್ಲ, ಅಂಥ ಪತ್ರಕ್ಕೆ ಕೊಟ್ಟ ಉತ್ತರದಲ್ಲಿ ಅವರು ಹಂಚಿಕೊಂಡ ಮಾಹಿತಿಯೂ ಕಡಿಮೆಯಾಗಿತ್ತು. ವರ್ತಕನಿಗೆ ನಿಜವಾದ ನಷ್ಟ ಈ ಕೊನೆಯದು. ಖರೀದಿದಾರನು ತನಗೆ ಬೇಕಾದ ಪ್ರಮಾಣ, ಹಿಂದಿನ ದರ, ಸಾಗಣೆಯ ಅವಧಿ ಮುಂತಾದವನ್ನು ಬಿಚ್ಚಿ ಹೇಳದೆ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾನೆ. ಮುಖದ ಮೇಲಿನ ನಗೆ ಬೇರೆ, ಪರದೆಯ ಮೇಲಿನ ನಗೆ ಬೇರೆ.

ಪತ್ರವು ಮನುಷ್ಯನ ಕಣ್ಣಿಗೆ ಬೀಳುವ ಮೊದಲೇ ಯಂತ್ರದ ಕಣ್ಣಿಗೂ ಬೀಳುತ್ತದೆ. ಬೇಡದ ಪತ್ರಗಳನ್ನು ಸೋಸಲು ಬಳಸುವ ಸ್ಪ್ಯಾಮ್‌ಅಸಾಸಿನ್ ಎಂಬ ತಂತ್ರಾಂಶದಲ್ಲಿ, ವಿಷಯದ ಸಾಲು ಪೂರ್ತಿ ದೊಡ್ಡಕ್ಷರಗಳಲ್ಲಿದ್ದರೆ ಒಂದು ನಿಯಮ, ಅದರಲ್ಲಿ ಆಶ್ಚರ್ಯಸೂಚಕವೂ ಪ್ರಶ್ನಾರ್ಥಕವೂ ಒಟ್ಟಿಗಿದ್ದರೆ ಇನ್ನೊಂದು ನಿಯಮ ಇವೆ. ಇದೊಂದರಿಂದಲೇ ಪತ್ರ ತಿರಸ್ಕೃತವಾಗುವುದೆಂದಲ್ಲ. ಹಲವು ದೋಷಾಂಕಗಳು ಕೂಡಿದಾಗ ಅದು ಕಸದ ಬುಟ್ಟಿಗೆ ಸೇರುತ್ತದೆ.

ಇನ್ನು ಹಿರಿಯರಿಗೆ ಬರೆಯುವ ಮಾತು. ಇಲ್ಲಿ ತೊಂದರೆ ಹೆಚ್ಚಾಗಿ ಬರುವುದು ಬಾಕಿಯ ಜ್ಞಾಪನಾ ಪತ್ರದಲ್ಲಿ. ದೇವದುರ್ಗದ ಒಂದು ಸಣ್ಣ ಜಿನ್ನಿಂಗ್ ಘಟಕವು ತಲಾ 170 ಕೆ.ಜಿ.ಯ 100 ಹತ್ತಿ ಬೇಲುಗಳನ್ನು ಒಂದು ನೂಲಿನ ಗಿರಣಿಗೆ ಕಳಿಸಿದೆ ಎನ್ನೋಣ. ಗಿರಣಿಯು ಮಾರ್ಚ್ 10ರಂದು ಸರಕನ್ನು ಸ್ವೀಕರಿಸಿತು; 45 ದಿನಗಳಲ್ಲಿ ಹಣ ಎಂದು ಲಿಖಿತ ಕರಾರು. ಏಪ್ರಿಲ್ 24 ಕಳೆದರೂ ಹಣ ಬಂದಿಲ್ಲ. ಘಟಕದವರು ಗಿರಣಿಯ ಹಣಕಾಸು ವಿಭಾಗದ ಮುಖ್ಯಸ್ಥರಿಗೆ ‘ದಯವಿಟ್ಟು ಹಣ ಕಳಿಸಿ!!!’ ಎಂದು ಬರೆಯುತ್ತಾರೆ.

ಬರೆದವರ ಮನಸ್ಸಿನಲ್ಲಿ ಅದು ಬೇಡಿಕೆ. ಆದರೆ ಆಜ್ಞಾರ್ಥಕ ಕ್ರಿಯಾಪದದ ಮುಂದೆ ಬಂದ ಆಶ್ಚರ್ಯಸೂಚಕವು ಧ್ವನಿಯನ್ನು ಏರಿಸುತ್ತದೆ. ಮೂರು ಬಂದರೆ ಅದು ಕೂಗು. ‘ದಯವಿಟ್ಟು’ ಎಂಬ ಮಾತು ಆ ಕೂಗಿನಲ್ಲಿ ವ್ಯಂಗ್ಯವಾಗಿ ಕೇಳಿಸುತ್ತದೆ. ಇದನ್ನು ತಗ್ಗಿಸಲೆಂದು ‘ಬಾಕಿ ಇನ್ನೂ ಬಂದಿಲ್ಲ 🙂’ ಎಂದು ಬರೆದರೆ ಇನ್ನೂ ಕಷ್ಟ: ಹಿರಿಯರಿಗೆ ಅದು ಚುಚ್ಚುಮಾತಾಗಿ ಕಾಣಬಹುದು, ಇಲ್ಲವೇ ಈತನಿಗೆ ಹಣದ ತುರ್ತಿಲ್ಲವೆಂದು ತೋರಬಹುದು. ಮತ್ತೊಂದು ಸಂಗತಿಯನ್ನು ನಾವು ಮರೆಯುತ್ತೇವೆ. ಹಿರಿಯರು ಆ ಪತ್ರವನ್ನು ತಾವೇ ಇಟ್ಟುಕೊಳ್ಳುವುದಿಲ್ಲ. ಲೆಕ್ಕಪತ್ರ ವಿಭಾಗಕ್ಕೆ ಮುಂದೂಡುತ್ತಾರೆ. ನಿಮ್ಮನ್ನು ಕಂಡೇ ಇರದ ಗುಮಾಸ್ತನು ಅದನ್ನು ಓದಿ, ಯಾವ ಬಿಲ್ಲು, ಎಂದಿನದು, ಎಷ್ಟು ಎಂದು ಹುಡುಕುತ್ತಾನೆ. ಕಾಣುವುದು ಮೂರು ಗೆರೆ, ಮೂರು ಚುಕ್ಕೆ.

ಅದಕ್ಕೆ ಬದಲು ಬಿಲ್ಲಿನ ಸಂಖ್ಯೆ, ಸ್ವೀಕೃತಿಯ ದಿನ, ಹಣ ಸಲ್ಲಬೇಕಾಗಿದ್ದ ದಿನ, ಮೊತ್ತ, ಇಷ್ಟನ್ನು ಬರೆದು, ‘ತಮ್ಮ ಅವಗಾಹನೆಗೆ ತರುತ್ತಿದ್ದೇವೆ, ಪಾವತಿಯ ದಿನಾಂಕವನ್ನು ತಿಳಿಸಬೇಕೆಂದು ಕೋರುತ್ತೇವೆ’ ಎಂದರೆ ಸಾಕು. ಎರಡನೆಯ ಪತ್ರವೂ ಫಲಿಸದಿದ್ದರೆ ಬಿಗಿ ಹೆಚ್ಚಿಸಲು ಚಿಹ್ನೆಗಿಂತ ಬಲವಾದದ್ದು ನಮ್ಮ ಕೈಯಲ್ಲಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ 15ನೆಯ ಕಲಮಿನಂತೆ ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ ಪಾವತಿಯ ಅವಧಿ ಲಿಖಿತ ಕರಾರಿದ್ದರೂ 45 ದಿನ ಮೀರುವಂತಿಲ್ಲ. 16ನೆಯ ಕಲಮಿನಂತೆ ವಿಳಂಬಕ್ಕೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ಸಲ್ಲುತ್ತದೆ. ಈ ಎರಡು ಕಲಮುಗಳನ್ನು ಪೂರ್ಣವಿರಾಮದೊಡನೆ ಉಲ್ಲೇಖಿಸಿದ ಶಾಂತ ಪತ್ರವು ಹತ್ತು ಆಶ್ಚರ್ಯಸೂಚಕಗಳಿಗಿಂತ ಗಟ್ಟಿಯಾಗಿ ಕೇಳಿಸುತ್ತದೆ.

ನಮ್ಮ ಕಡೆ ಅತಿಯಾಗಿ ಬಳಕೆಯಾಗುವ ಕೈಮುಗಿದ ಚಿತ್ರದ (🙏) ಬಗ್ಗೆ ಒಂದು ಮಾತು. ನಮಗೆ ಅದು ನಮಸ್ಕಾರ. ಮೊಬೈಲ್ ಸಂದೇಶದಲ್ಲಿ ಹಿರಿಯರಿಗೂ ಅದು ಸಲ್ಲುತ್ತದೆ. ಆದರೆ ಜಪಾನಿನವರು ಅದನ್ನು ಕೋರಿಕೆ ಅಥವಾ ಕೃತಜ್ಞತೆ ಎಂದು ಓದುತ್ತಾರೆ; ಪಾಶ್ಚಾತ್ಯರಲ್ಲಿ ಹಲವರು ಪ್ರಾರ್ಥನೆ ಎಂದು ತಿಳಿಯುತ್ತಾರೆ. ವಿದೇಶದ ಗಿರಾಕಿಗೆ ‘ನಮಸ್ಕಾರ’ ಎಂಬ ಪದವನ್ನೇ ಬರೆದರೆ ಗೊಂದಲವಿಲ್ಲ. ಹಾಗೆಂದು ಚಿಹ್ನೆಗಳಿಗೆ ಪೂರ್ಣ ನಿಷೇಧ ಹೇರಬೇಕಾಗಿಯೂ ಇಲ್ಲ. ವರ್ಷಗಳ ಪರಿಚಯದ ಗಿರಾಕಿಯೇ ಮೊದಲು ನಗುಮುಖ ಹಾಕಿ ಬರೆದಿದ್ದರೆ, ಉತ್ತರದಲ್ಲಿ ‘ಧನ್ಯವಾದಗಳು!’ ಎಂಬ ಒಂದು ಚಿಹ್ನೆಯಿಂದ ಯಾರಿಗೂ ಬೇಸರವಿಲ್ಲ. ಸಲಿಗೆಯನ್ನು ಆರಂಭಿಸುವ ಹಕ್ಕು ಹಿರಿಯರದು, ಇಲ್ಲವೇ ಹಣ ಕೊಡುವವರದು.

ಹೆಬ್ಬೆರಳಿನ ಚಿತ್ರ (👍) ಮಾತ್ರ ಧ್ವನಿಯ ಪ್ರಶ್ನೆಯನ್ನು ಮೀರಿ ಕರಾರಿನ ಪ್ರಶ್ನೆಯಾಗುತ್ತದೆ. ಕೆನಡಾದ ಸಸ್ಕ್ಯಾಚುವನ್ ಪ್ರಾಂತ್ಯದಲ್ಲಿ 2021ರ ಮಾರ್ಚ್‌ನಲ್ಲಿ ಧಾನ್ಯ ಖರೀದಿ ಸಂಸ್ಥೆಯೊಂದು ಸುಮಾರು 86 ಟನ್ ಅಗಸೆಯ ಕರಾರಿನ ಛಾಯಾಚಿತ್ರವನ್ನು ರೈತನ ಮೊಬೈಲಿಗೆ ಕಳಿಸಿ, ದೃಢಪಡಿಸುವಂತೆ ಕೋರಿತು. ರೈತನು ಹೆಬ್ಬೆರಳನ್ನು ಕಳಿಸಿದನು. ನವೆಂಬರಿನ ವೇಳೆಗೆ ದರ ಎರಡು ಪಟ್ಟಿಗೂ ಮೀರಿ ಏರಿತ್ತು, ಸರಕು ಬರಲಿಲ್ಲ. ‘ಕರಾರು ತಲುಪಿತು ಎಂದಷ್ಟೇ ನನ್ನ ಅರ್ಥ’ ಎಂದು ರೈತನು ವಾದಿಸಿದನು. ಹಿಂದಿನ ಕರಾರುಗಳಿಗೂ ಅವನು ‘ಸರಿ’, ‘ಹೂಂ’ ಎಂಬಂಥ ಚುಟುಕು ಉತ್ತರ ಕೊಟ್ಟು ಸರಕು ಒಪ್ಪಿಸಿದ್ದನ್ನು ನ್ಯಾಯಾಲಯ ಗಮನಿಸಿತು. 2023ರಲ್ಲಿ ಹೆಬ್ಬೆರಳನ್ನು ಒಪ್ಪಿಗೆಯೆಂದೇ ಪರಿಗಣಿಸಿ 82,000 ಕೆನಡಾ ಡಾಲರಿಗೂ ಹೆಚ್ಚು ಪರಿಹಾರ ವಿಧಿಸಿತು. ಮೇಲ್ಮನವಿ ನ್ಯಾಯಾಲಯವೂ 2024ರಲ್ಲಿ ಅದನ್ನು ಎತ್ತಿಹಿಡಿಯಿತು.

ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟುವುದಿಲ್ಲ. ಆದರೆ ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10-ಎ ಕಲಮು, ವಿದ್ಯುನ್ಮಾನ ಮಾರ್ಗದಲ್ಲಿ ಆಯಿತೆಂಬ ಕಾರಣಕ್ಕೇ ಕರಾರು ಅಸಿಂಧುವಾಗದು ಎನ್ನುತ್ತದೆ. ಬಾಕ್ಸೈಟ್ ಸರಬರಾಜಿನ ಟ್ರೈಮೆಕ್ಸ್ ಮತ್ತು ವೇದಾಂತ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ, ವಿಧಿವತ್ತಾದ ಕರಾರಿಗೆ ಸಹಿ ಬೀಳದಿದ್ದರೂ ಇ-ಮೇಲ್‌ಗಳ ವಿನಿಮಯದಿಂದಲೇ ಒಪ್ಪಂದ ಪೂರ್ಣವಾಗಿದೆ ಎಂದು ಹೇಳಿದೆ. ಆದ್ದರಿಂದ ದರ, ಪ್ರಮಾಣ, ದಿನಾಂಕಗಳಿರುವ ಪತ್ರ ಬಂದಾಗ ಬರಿಯ ಹೆಬ್ಬೆರಳಿನಿಂದ ಉತ್ತರಿಸಬಾರದು. ಒಪ್ಪಿಗೆಯಿಲ್ಲದಿದ್ದರೆ ‘ತಮ್ಮ ಪತ್ರ ತಲುಪಿದೆ, ಪರಿಶೀಲಿಸಿ 12ನೆಯ ತಾರೀಖಿನೊಳಗೆ ತಿಳಿಸುತ್ತೇವೆ, ಅಲ್ಲಿಯವರೆಗೆ ಇದು ಒಪ್ಪಿಗೆಯಲ್ಲ’ ಎಂದು ಬರೆಯಬೇಕು. ಒಪ್ಪಿಗೆಯಿದ್ದರೆ ‘20 ಟನ್, ತಾವು ತಿಳಿಸಿದ ದರದಲ್ಲಿ, ಒಪ್ಪಿದ್ದೇವೆ’ ಎಂದು ಬರೆದು ಕೆಳಗೆ ಹೆಸರು ಹಾಕಬೇಕು.